ಕಮೋಡಿನ ಫ್ಲಶ್ ಸೋತಿದ್ದರೆ ಮೊದಲು ಟ್ರ್ಯಾಪ್, ಆಮೇಲೆ ಅಂಚು

ಪ್ರಶ್ನೆ: ನಮ್ಮ ಮನೆಯ ವೆಸ್ಟರ್ನ್ ಕಮೋಡ್ ಕೆಲವು ತಿಂಗಳಿಂದ ಸರಿಯಾಗಿ ಫ್ಲಶ್ ಆಗುತ್ತಿಲ್ಲ. ಗುಂಡಿ ಒತ್ತಿದರೆ ನೀರು ನಿಧಾನವಾಗಿ ಸುತ್ತಿ ಸುಮ್ಮನಾಗುತ್ತದೆ. ಕಾಗದ ಒಂದೊಂದು ದಿನ ಹೋಗುತ್ತದೆ, ಒಂದೊಂದು ದಿನ ತೇಲಿಕೊಂಡು ಅಲ್ಲೇ ಉಳಿಯುತ್ತದೆ. ಪೂರ್ತಿ ಕಟ್ಟಿಕೊಂಡದ್ದು ಮಾತ್ರ ಇಲ್ಲ. ಟ್ಯಾಂಕಿನ ಒಳಗಿನ ಭಾಗಗಳನ್ನೆಲ್ಲ ಬದಲಿಸಿದ್ದೂ ಆಯಿತು. ಅಂಚಿನ ಕೆಳಗೆ ಕನ್ನಡಿ ಹಿಡಿದು ನೋಡಿದರೆ ನೀರು ಬರುವ ತೂತುಗಳಲ್ಲಿ ಬಿಳಿ, ಕಂದು ಹಕ್ಕಳೆ ಕಟ್ಟಿದೆ. ಆಸಿಡ್ ಹಾಕಿ ಆ ತೂತುಗಳನ್ನು ಬಿಡಿಸಿಬಿಟ್ಟರೆ ಸರಿಹೋಗುತ್ತದೆಯೇ?

ಉತ್ತರ: ತೂತುಗಳನ್ನು ಬಿಡಿಸಲೇಬೇಕು, ಆದರೆ ಅದನ್ನು ಮೊದಲ ಕೆಲಸವಾಗಿ ಮಾಡಬೇಡಿ. ನೀವು ಬರೆದದ್ದನ್ನು ಓದಿದರೆ ಅಲ್ಲಿ ಎರಡು ದೋಷಗಳು ಒಟ್ಟಿಗೆ ಇರುವಂತೆ ತೋರುತ್ತದೆ. ಅಂಚಿನ ತೂತುಗಳು ಕಟ್ಟಿರುವುದರಿಂದ ಬೋಗುಣಿಗೆ ಬರಬೇಕಾದಷ್ಟು ನೀರು ಬರುತ್ತಿಲ್ಲ. ಕಾಗದ ಒಂದು ದಿನ ಹೋಗಿ ಇನ್ನೊಂದು ದಿನ ಉಳಿಯುವುದು ಮಾತ್ರ ಅಂಚಿನ ದೋಷವಲ್ಲ. ಬೋಗುಣಿಯಿಂದ ಹೊರಹೋಗುವ ಬಾಗಿದ ಕೊಳವೆಯಾದ ಟ್ರ್ಯಾಪಿನ ಒಳಗೆ ಏನೋ ಅರ್ಧ ದಾರಿಯನ್ನು ಹಿಡಿದು ಕುಳಿತಿದೆ ಎಂಬುದರ ಲಕ್ಷಣ. ಈ ಎರಡು ದೋಷಗಳು ಒಂದನ್ನೊಂದು ಮರೆಮಾಡುತ್ತವೆ. ಈಗ ಬರುವ ನೀರೇ ಕಡಿಮೆ ಇರುವುದರಿಂದ, ಅರ್ಧ ತೆರೆದಿರುವ ಟ್ರ್ಯಾಪ್ ಹೇಗೋ ಅದನ್ನು ಸಾಗಿಸುತ್ತಿದೆ. ಅಂಚನ್ನು ಮೊದಲು ಶುಚಿ ಮಾಡಿ ನೀರು ಒಮ್ಮೆಗೇ ಧುಮ್ಮಿಕ್ಕುವಂತೆ ಮಾಡಿದರೆ, ಆ ನೀರು ಹೋಗಲು ದಾರಿಯಿಲ್ಲದೆ ಬೋಗುಣಿ ತುಂಬಿ ನೆಲಕ್ಕೆ ಚೆಲ್ಲುತ್ತದೆ. ಅದೂ ಶೌಚ ಮುಗಿಸಿ ಗುಂಡಿ ಒತ್ತಿದಾಗಲೇ. ಅಂಚಿನಿಂದ ಕಳಚಿದ ಹಕ್ಕಳೆಯ ಚೂರುಗಳು ಕೂಡ ಹೋಗಿ ಸೇರುವುದು ಅದೇ ಇಕ್ಕಟ್ಟಿನ ಜಾಗಕ್ಕೆ. ಆದ್ದರಿಂದ ಹೊರಹೋಗುವ ದಾರಿ ಮೊದಲು, ಒಳಬರುವ ದಾರಿ ಆಮೇಲೆ.

ಫ್ಲಶ್ ಆಗುವಾಗ ಒಳಗೆ ಏನು ನಡೆಯುತ್ತದೆ ಎಂಬುದು ತಿಳಿದರೆ ಮುಂದಿನ ಪರೀಕ್ಷೆಗಳನ್ನು ನೀವೇ ಓದಿಕೊಳ್ಳಬಹುದು. ಬೋಗುಣಿಯ ತಳದಿಂದ ಹೊರಡುವ ದಾರಿ ಮೊದಲು ಮೇಲಕ್ಕೆ ಏರಿ, ಒಂದು ದಿಬ್ಬವನ್ನು ದಾಟಿ, ಆಮೇಲೆ ಕೆಳಗಿಳಿಯುತ್ತದೆ. ಆ ಬಾಗಿದ ದಾರಿಯೇ ಟ್ರ್ಯಾಪ್. ಬೋಗುಣಿಯಲ್ಲಿ ಯಾವಾಗಲೂ ನಿಂತಿರುವ ನೀರಿನ ಮಟ್ಟ ಎಂದರೆ ಆ ದಿಬ್ಬದ ಎತ್ತರ. ಸುಳಿ ಎಬ್ಬಿಸಿ ಎಳೆದುಕೊಳ್ಳುವ ಮಾದರಿಯ ಕಮೋಡುಗಳಲ್ಲಿ ಟ್ಯಾಂಕಿನ ನೀರು ಕೆಲವೇ ಸೆಕೆಂಡುಗಳಲ್ಲಿ ಒಟ್ಟಾಗಿ ಇಳಿದು, ದಿಬ್ಬದ ಮೇಲಿನ ಕೊಳವೆಯನ್ನು ಗಾಳಿಗೆ ಜಾಗವಿಲ್ಲದಂತೆ ತುಂಬಬೇಕು. ಹಾಗೆ ತುಂಬಿದಾಗ ಸೈಫನ್ ಹುಟ್ಟುತ್ತದೆ. ಅಂದರೆ ಆಚೆಗೆ ಇಳಿಯುವ ನೀರಿನ ತೂಕವೇ ಬೋಗುಣಿಯಲ್ಲಿರುವುದನ್ನೆಲ್ಲ ಸೆಳೆದುಕೊಳ್ಳುತ್ತದೆ. ಕೊನೆಯಲ್ಲಿ ಕೇಳುವ ‘ಗುಳಕ್’ ಎಂಬ ಸದ್ದು ಸೈಫನ್ನಿಗೆ ಗಾಳಿ ಸೇರಿ ಅದು ಮುರಿದದ್ದರ ಸದ್ದು. ನೀರು ನಿಧಾನವಾಗಿ ಬಂದರೆ ಇದು ಯಾವುದೂ ಆಗುವುದಿಲ್ಲ. ಕೆರೆ ಕೋಡಿ ಹರಿದಂತೆ ಬಂದಷ್ಟು ನೀರು ದಿಬ್ಬದ ಮೇಲೆ ತೆಳ್ಳಗೆ ಹರಿದುಹೋಗುತ್ತದೆ, ಮೇಲೆ ಗಾಳಿ ಹಾಗೆಯೇ ಉಳಿಯುತ್ತದೆ, ಸೆಳೆತ ಹುಟ್ಟುವುದಿಲ್ಲ. ಅಂಚಿನ ತೂತುಗಳನ್ನು ಓರೆಯಾಗಿ ಕೊರೆದಿರುವುದರಿಂದ ಬಂದ ಅಷ್ಟು ನೀರೂ ಸುತ್ತುತ್ತಲೇ ಇಳಿಯುತ್ತದೆ. ನೀವು ಕಾಣುತ್ತಿರುವ ಸೋಮಾರಿ ಸುಳಿ ಅದೇ.

ಎಲ್ಲ ಕಮೋಡುಗಳೂ ಈ ಮಾದರಿಯವಲ್ಲ. ಕೆಲವಲ್ಲಿ ನಿಂತ ನೀರಿನ ಹರವು ಚಿಕ್ಕದು, ಟ್ರ್ಯಾಪಿನ ದಾರಿ ಅಗಲವಾದದ್ದು, ಸುಳಿಗೆ ಅಷ್ಟು ಮಹತ್ವವಿಲ್ಲ. ಮೇಲಿಂದ ಬಿದ್ದ ನೀರಿನ ನೂಕಿನಿಂದಲೇ ಕೆಲಸ ನಡೆಯುತ್ತದೆ. ಚೆನ್ನಾಗಿ ಫ್ಲಶ್ ಆಗುತ್ತಿದ್ದ ದಿನಗಳಲ್ಲಿ ನಿಮ್ಮ ಬೋಗುಣಿಯ ನೀರು ಒಮ್ಮೆ ಬಹುತೇಕ ಬರಿದಾಗಿ ಮತ್ತೆ ತುಂಬುತ್ತಿತ್ತೇ ಎಂದು ನೆನಪಿಸಿಕೊಳ್ಳಿ. ಹೌದಾದರೆ ಅದು ಸೆಳೆಯುವ ಮಾದರಿ. ನೂಕುವ ಮಾದರಿಯಲ್ಲಿ ಬೋಗುಣಿ ಹಾಗೆ ಬರಿದಾಗುವುದಿಲ್ಲ. ಪರೀಕ್ಷೆಗಳ ಫಲ ಓದುವಾಗ ಈ ವ್ಯತ್ಯಾಸ ಬೇಕಾಗುತ್ತದೆ.

ಈಗ ಪರೀಕ್ಷೆ. ಇದಕ್ಕೆ ಬೇಕಾದದ್ದು ಒಂದು ಬಕೆಟ್ ನೀರು ಮಾತ್ರ. ಬಕೆಟ್ಟಿನಿಂದ ಸುರಿದ ನೀರು ಟ್ಯಾಂಕನ್ನೂ ಮುಟ್ಟುವುದಿಲ್ಲ, ಅಂಚಿನ ತೂತುಗಳನ್ನೂ ಮುಟ್ಟುವುದಿಲ್ಲ, ನೇರವಾಗಿ ಟ್ರ್ಯಾಪಿಗೆ ಹೋಗುತ್ತದೆ. ಹಾಗಾಗಿ ಎರಡು ದೋಷಗಳನ್ನು ಬಿಡಿಸಿ ನೋಡಲು ಇದಕ್ಕಿಂತ ನಂಬಿಕೆಯ ಉಪಾಯ ನನಗೆ ತಿಳಿದಿಲ್ಲ. ಮೊದಲು ಎರಡು ಲೀಟರಿನಷ್ಟನ್ನು ನಿಧಾನವಾಗಿ ಸುರಿದು ನೀರು ಇಳಿಯುತ್ತಿದೆಯೇ ನೋಡಿ. ಇಳಿಯದಿದ್ದರೆ ಅಲ್ಲಿಗೇ ನಿಲ್ಲಿಸಿ. ಇಳಿದರೆ, ಆರರಿಂದ ಎಂಟು ಲೀಟರ್ ನೀರನ್ನು ಮೊಣಕಾಲೆತ್ತರದಿಂದ, ಬೋಗುಣಿಯ ನಡುವಿನ ನೀರಿಗೇ ಬೀಳುವಂತೆ, ಎರಡು ಮೂರು ಸೆಕೆಂಡಿನಲ್ಲಿ ಒಮ್ಮೆಗೇ ಸುರಿಯಿರಿ. ಇಂದಿನ ಹೆಚ್ಚಿನ ಟ್ಯಾಂಕುಗಳು ಪೂರ್ಣ ಫ್ಲಶ್‌ಗೆ ಬಿಡುವುದೂ ಸುಮಾರು ಆರು ಲೀಟರನ್ನೇ.

ಟ್ರ್ಯಾಪ್ ತೆರೆದಿದ್ದರೆ ನೀರು ಒಮ್ಮೆ ಏರಿ, ತಕ್ಷಣ ಭರ್ರನೆ ಹೋಗಿಬಿಡುತ್ತದೆ. ಸೆಳೆಯುವ ಮಾದರಿಯಾದರೆ ಬೋಗುಣಿ ಬಹುತೇಕ ಬರಿದಾಗುತ್ತದೆ. ನೂಕುವ ಮಾದರಿಯಾದರೆ ಎಂದಿನ ಮಟ್ಟಕ್ಕೆ ಬೇಗನೆ ಬಂದು ನಿಲ್ಲುತ್ತದೆ. ಹೀಗಾದರೆ ಟ್ರ್ಯಾಪಿನ ಗೊಡವೆ ಬಿಟ್ಟು ನೇರವಾಗಿ ಅಂಚಿನ ಕೆಲಸಕ್ಕೆ ಹೋಗಬಹುದು. ಅದಕ್ಕೆ ಬದಲಾಗಿ ನೀರು ಅಂಚಿನ ಹತ್ತಿರದವರೆಗೆ ಏರಿ, ಅಲ್ಲಿ ಒಂದು ಕ್ಷಣ ನಿಂತು, ಆಮೇಲೆ ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಇಳಿದರೆ, ಅರ್ಧ ನಿಮಿಷ ತೆಗೆದುಕೊಂಡರೆ, ಟ್ರ್ಯಾಪಿನಲ್ಲೋ ಅದರಾಚೆಯ ಕೊಳವೆಯಲ್ಲೋ ತಡೆಯಿದೆ ಎಂದೇ ಅರ್ಥ.

ಈ ಎರಡರಲ್ಲಿ ಯಾವುದು ಎಂಬುದನ್ನೂ ಅಲ್ಲೇ ನಿಂತು ತಿಳಿಯಬಹುದು. ಸುರಿದ ನೀರು ಇಳಿಯುವಾಗ ಅದೇ ಬಚ್ಚಲಿನ ನೆಲದ ಜಾಲರಿಯಲ್ಲಿ ನೀರು ಉಕ್ಕಿದರೆ, ಕೈ ತೊಳೆಯುವ ಬೇಸಿನ್ನಿನ ಕೊಳವೆ ಗುಳುಗುಳು ಎಂದರೆ, ಅಥವಾ ಬೇಸಿನ್ನಿನ ನೀರು ಬಿಟ್ಟಾಗ ಕಮೋಡಿನ ನೀರಿನ ಮಟ್ಟ ಅಲುಗಾಡಿದರೆ, ತಡೆ ಮುಂದಿನ ಕೊಳವೆಯಲ್ಲಿದೆ ಅಥವಾ ಗಾಳಿ ಆಡಬೇಕಾದ ಕೊಳವೆ ಮುಚ್ಚಿದೆ. ಆಗ ಕಮೋಡಿಗೆ ನೀವು ಮಾಡುವ ಯಾವ ಉಪಚಾರವೂ ಫಲ ಕೊಡುವುದಿಲ್ಲ. ಕೊಳವೆ ಶುಚಿ ಮಾಡುವವರನ್ನೇ ಕರೆಯಬೇಕು. ಸುತ್ತಲಿನವೆಲ್ಲ ಸುಮ್ಮನಿದ್ದು ಕಮೋಡ್ ಒಂದೇ ತೊಡಕು ಮಾಡುತ್ತಿದ್ದರೆ ತಡೆ ಟ್ರ್ಯಾಪಿನಲ್ಲಿರುವ ಸಾಧ್ಯತೆಯೇ ಹೆಚ್ಚು.

ನಿಮ್ಮ ಮನೆಯದರಂಥದೇ ಒಂದು ಕಮೋಡಿನ ವಿಷಯ ಹೇಳುತ್ತೇನೆ. ಅಲ್ಲಿಯೂ ಟ್ಯಾಂಕಿನ ಭಾಗಗಳನ್ನೆಲ್ಲ ಬದಲಿಸಿದ್ದರು. ಫ್ಲಶ್ ಮಾಡಿದರೆ ನೀರು ಅರ್ಧ ಮಟ್ಟಕ್ಕೆ ಏರಿ, ಸುತ್ತಿ, ಇಳಿಯುತ್ತಿತ್ತು. ನೋಡಿದವರಿಗೆ ‘ನೀರಿನ ಒತ್ತಡ ಸಾಲದು’ ಎಂದೇ ಅನಿಸುತ್ತಿತ್ತು. ಮನೆಯ ಅಜ್ಜಿ ಹೇಳಿದ ಒಂದು ಮಾತು ಮಾತ್ರ ನನ್ನ ಕಿವಿಗೆ ಬಿತ್ತು: “ಬೆಳಿಗ್ಗೆ ಮೊದಲ ಸಲ ಸರಿಯಾಗಿ ಹೋಗುತ್ತದೆ, ಆಮೇಲೆ ಮಧ್ಯಾಹ್ನದವರೆಗೆ ಹಟ ಮಾಡುತ್ತದೆ.” ಗಟ್ಟಿಯಾದ ವಸ್ತು ಟ್ರ್ಯಾಪಿನಲ್ಲಿ ಅಡ್ಡ ಸಿಕ್ಕಿಕೊಂಡಾಗ ಆಗುವುದು ಹೀಗೆಯೇ. ನೀರು ಅದರ ಪಕ್ಕದಿಂದ ನುಸುಳಿ ಹೋಗುತ್ತದೆ. ಕಾಗದ ಅದಕ್ಕೆ ಸುತ್ತಿಕೊಳ್ಳುತ್ತದೆ. ಬಳಸದೆ ಬಿಟ್ಟ ರಾತ್ರಿಯಲ್ಲಿ ಆ ಕಾಗದ ನೆನೆದು, ಕರಗಿ, ಸಡಿಲವಾಗುತ್ತದೆ. ಬೆಳಿಗ್ಗೆ ಮೊದಲ ಫ್ಲಶ್‌ನಲ್ಲಿ ಅದು ಕೊಚ್ಚಿಹೋಗಿ ದಾರಿ ಬಿಡುತ್ತದೆ. ಮತ್ತೆ ಕಾಗದ ಬಿದ್ದಾಗ ಮತ್ತೆ ಕಟ್ಟುತ್ತದೆ. ಮೆತ್ತನೆಯ ತಡೆಯಾದರೆ ಇಷ್ಟು ದಿನ ಹೀಗೆ ಲಯ ಹಿಡಿದು ಕಾಡುವುದಿಲ್ಲ. ಒಂದೋ ಪೂರ್ತಿ ಕಟ್ಟುತ್ತದೆ, ಇಲ್ಲವೇ ಹೋಗಿಬಿಡುತ್ತದೆ. ಅಲ್ಲಿ ಬಕೆಟ್ ನೀರು ಸುರಿದಾಗ ಮಟ್ಟ ಅಂಚಿಗೆ ಎರಡು ಬೆರಳು ಉಳಿಯುವಷ್ಟು ಏರಿ, ತೆವಳುತ್ತಾ ಇಳಿಯಿತು. ಬೇಸಿನ್ ಮತ್ತು ನೆಲದ ಜಾಲರಿ ಎರಡೂ ಮೌನವಾಗಿದ್ದವು.

ಇಂಥ ಕಡೆ ಎಲ್ಲರ ಕೈಯೂ ಮೊದಲು ಪ್ಲಂಜರಿಗೆ ಹೋಗುತ್ತದೆ. ಕಾಗದ, ಮಲದಂಥ ಮೆತ್ತನೆಯ ತಡೆಗೆ ಅದು ಒಳ್ಳೆಯದೇ. ಬಳಸುವುದಾದರೆ ತಳದಲ್ಲಿ ಇನ್ನೊಂದು ರಬ್ಬರ್ ತುಟಿ ಹೊರಚಾಚಿರುವ, ಕಮೋಡಿಗೆಂದೇ ಮಾಡಿದ ಪ್ಲಂಜರ್ ಇರಲಿ. ಚಪ್ಪಟೆ ಬಟ್ಟಲಿನದು ಬೇಸಿನ್ನಿಗೆ ಸರಿ, ಕಮೋಡಿನ ಬಾಯಿಗೆ ಕೂರುವುದಿಲ್ಲ. ರಬ್ಬರ್ ಬಟ್ಟಲು ನೀರಿನಲ್ಲಿ ಮುಳುಗಿರಬೇಕು. ಮೊದಲ ಒತ್ತು ಮೆಲ್ಲಗೆ, ಒಳಗಿನ ಗಾಳಿ ಹೋಗಲೆಂದು. ಆಮೇಲೆ ಬಿಗಿ ಬಿಡದೆ ಹದಿನೈದಿಪ್ಪತ್ತು ಸಲ ಒತ್ತಿ ಎಳೆಯಬೇಕು. ಒತ್ತುವುದಕ್ಕಿಂತ ಎಳೆಯುವುದರ ಮೇಲೆ ನಿಮ್ಮ ಬಲವಿರಲಿ. ಆದರೆ ನಿಮ್ಮ ಕಮೋಡಿನ ಲಕ್ಷಣ ಗಟ್ಟಿ ವಸ್ತುವಿನ ಕಡೆ ಬೆರಳು ಮಾಡುತ್ತಿರುವುದರಿಂದ ಪ್ಲಂಜರ್ ಬೇಡವೆಂದೇ ನನ್ನ ಸಲಹೆ. ಅದು ವಸ್ತುವನ್ನು ದಿಬ್ಬದ ಇನ್ನಷ್ಟು ಆಳಕ್ಕೆ ತಳ್ಳಿ ಬಿಗಿ ಮಾಡಬಹುದು. ಕೊಳವೆ ಬಿಡಿಸುವ ಕಾಸ್ಟಿಕ್ ಪುಡಿಯನ್ನಂತೂ ಹಾಕಲೇಬೇಡಿ. ಪ್ಲಾಸ್ಟಿಕ್ಕಿಗೆ ಅದು ಏನೂ ಮಾಡುವುದಿಲ್ಲ. ನಿಂತ ನೀರಿನಲ್ಲಿ ಬಿಸಿಯೇರಿ ಪಿಂಗಾಣಿಗೆ ಬಿರುಕು ತರಬಹುದು. ಆಮೇಲೆ ತಂತಿ ಹಾಕುವವರ ಮುಖಕ್ಕೆ ಆ ನೀರು ಸಿಡಿದರೆ ಕಣ್ಣಿಗೇ ಅಪಾಯ.

ಬೇಕಾದ ಸಾಧನ ಕಮೋಡಿಗೆಂದೇ ಮಾಡಿದ ಆಗರ್: ಒಂದು ಗಟ್ಟಿ ಕೊಳವೆಯೊಳಗೆ ಸ್ಪ್ರಿಂಗಿನಂತೆ ಬಾಗುವ ತಂತಿ, ತುದಿಯಲ್ಲಿ ಸುರುಳಿ ಕೊಕ್ಕೆ, ಇನ್ನೊಂದು ತುದಿಯಲ್ಲಿ ತಿರುಗಿಸುವ ಹಿಡಿ. ತಂತಿ ಒಂದು ಮೀಟರಿನ ಆಸುಪಾಸು ಇದ್ದರೆ ಸಾಕು, ಟ್ರ್ಯಾಪನ್ನು ದಾಟುತ್ತದೆ. ಕೊಳವೆಯ ಬಾಗಿದ ತುದಿಗೆ ರಬ್ಬರ್ ಅಥವಾ ಪ್ಲಾಸ್ಟಿಕ್ ಕವಚ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಬೋಗುಣಿಯ ಹೊಳಪಿನ ಮೇಲೆ ಕಪ್ಪು ಗೀರು ಬೀಳುತ್ತದೆ, ಅದು ಸುಲಭಕ್ಕೆ ಹೋಗುವುದಿಲ್ಲ. ಬೇಸಿನ್ನಿಗೆ ಬಳಸುವ ಬರಿಯ ಸ್ಪ್ರಿಂಗ್ ತಂತಿಯನ್ನು ಇದಕ್ಕೆ ಬಳಸಬೇಡಿ; ಅದು ಬೋಗುಣಿಯಲ್ಲೇ ಮಡಚಿಕೊಳ್ಳುತ್ತದೆ.

ಕೈಗವಸು, ಕನ್ನಡಕ ಹಾಕಿಕೊಂಡು, ತಂತಿಯನ್ನು ಪೂರ್ತಿ ಹಿಂದಕ್ಕೆ ಎಳೆದಿಟ್ಟು, ಬಾಗಿದ ತುದಿಯನ್ನು ಟ್ರ್ಯಾಪಿನ ಬಾಯಿಗೆ ಕೂರಿಸಿ. ಹಿಡಿಯನ್ನು ಬಲಕ್ಕೆ ತಿರುಗಿಸುತ್ತಾ ತಂತಿಯನ್ನು ಮೆಲ್ಲಗೆ ಒಳಗೆ ಬಿಡಿ. ತಿರುಗಿಸದೆ ತಳ್ಳಬೇಡಿ. ಒಂದು ಕಡೆ ಅದು ಬಿಗಿಯಾಗುತ್ತದೆ; ಅದು ಟ್ರ್ಯಾಪಿನ ಬಾಗು ಮಾತ್ರ, ತಿರುಗಿಸುತ್ತಾ ಹೋದರೆ ದಾಟಿಕೊಳ್ಳುತ್ತದೆ. ಇಲ್ಲಿ ಕೈಗೆ ತಿಳಿಯುವುದನ್ನು ಗಮನಿಸಬೇಕು. ಕಾಗದದ ಮುದ್ದೆಯಾದರೆ ತಂತಿ ಮೆತ್ತಗೆ ಹೂತುಕೊಂಡಂತೆ ಆಗಿ ಹಿಡಿ ಭಾರವಾಗುತ್ತದೆ. ಗಟ್ಟಿ ವಸ್ತುವಾದರೆ ಪಿಂಗಾಣಿಗೆ ಏನೋ ತಾಗಿ ಟಕ್ ಟಕ್ ಎನ್ನುತ್ತದೆ, ತಂತಿ ಜಾರಿ ಮತ್ತೆ ತಾಗುತ್ತದೆ. ಮೂತ್ರದ ಹಕ್ಕಳೆ ಟ್ರ್ಯಾಪಿನ ಗೋಡೆಗೇ ಕಟ್ಟಿದ್ದರೆ ಉದ್ದಕ್ಕೂ ಮರಳು ಉಜ್ಜಿದ ಹಾಗೆ ಕರಕರ ಎನ್ನುತ್ತದೆ. ಗಟ್ಟಿ ವಸ್ತು ತಾಗಿದ ಮೇಲೆ ಅದನ್ನು ಆಚೆ ತಳ್ಳುವ ಆಸೆ ಬೇಡ. ಕೊಕ್ಕೆ ಅದಕ್ಕೆ ಸಿಕ್ಕಿಕೊಳ್ಳುವವರೆಗೆ ಅಲ್ಲೇ ತಿರುಗಿಸಿ, ಸಿಕ್ಕಿತೆನಿಸಿದಾಗ ಅದೇ ದಿಕ್ಕಿನಲ್ಲಿ ತಿರುಗಿಸುತ್ತಲೇ ಹಿಂದಕ್ಕೆ ಎಳೆಯಿರಿ. ಎಡಕ್ಕೆ ತಿರುಗಿಸಿದರೆ ಕೊಕ್ಕೆ ಬಿಟ್ಟುಕೊಡುತ್ತದೆ.

ನಾನು ಹೇಳಿದ ಮನೆಯಲ್ಲಿ ಹೊರಬಂದದ್ದು ಅಂಚಿಗೆ ನೇತುಹಾಕುವ ಸುವಾಸನೆ ಬಿಲ್ಲೆಯ ಪ್ಲಾಸ್ಟಿಕ್ ಪಂಜರ. ಕೊಕ್ಕೆ ಮುರಿದು ಯಾವಾಗಲೋ ಬಿದ್ದಿತ್ತು, ಯಾರಿಗೂ ಗೊತ್ತಿರಲಿಲ್ಲ. ಅದರ ಕಂಬಿಗಳ ನಡುವೆ ಕೂದಲು ಹಾಗೂ ಕಾಗದದ ನಾರು ಹೆಣೆದುಕೊಂಡು ಒಂದು ಬೂದು ಚಾಪೆಯಾಗಿತ್ತು. ಹಲ್ಲುಜ್ಜುವ ಬ್ರಷ್, ಬಾಟಲಿಯ ಮುಚ್ಚಳ, ಮಕ್ಕಳ ಆಟಿಕೆಯ ಚೂರು, ಬಾಚಣಿಗೆ, ಒದ್ದೆ ಒರೆಸುವ ಬಟ್ಟೆಗಳು ಸಿಕ್ಕುವುದೂ ಸಾಮಾನ್ಯ. ನಿಮ್ಮ ಅಂಚಿನಲ್ಲಿ ಅಂಥದ್ದೇನಾದರೂ ನೇತಾಡುತ್ತಿತ್ತೇ, ಈಗ ಕಾಣೆಯಾಗಿದೆಯೇ ಎಂದು ಮನೆಯವರನ್ನು ಕೇಳಿ ನೋಡಿ. ಕೆಲಸ ಅರ್ಧ ಸುಲಭವಾಗುತ್ತದೆ.

ತಂತಿ ಹೊರತೆಗೆದ ಮೇಲೆ ಮತ್ತೆ ಬಕೆಟ್ ಪರೀಕ್ಷೆ ಮಾಡಿ. ನೀರು ಭರ್ರನೆ ಹೋಗುವವರೆಗೆ ಮುಂದಿನ ಕೆಲಸಕ್ಕೆ ಇಳಿಯಬೇಡಿ. ಹೋಗುತ್ತಿದೆ ಎಂದಾದರೆ, ಎಂಟು ಹತ್ತು ಹಾಳೆ ಟಿಶ್ಯೂ ಕಾಗದವನ್ನು ಸಡಿಲವಾಗಿ ಮುದುರಿ ಹಾಕಿ ಇನ್ನೂ ಒಂದೆರಡು ಬಕೆಟ್ ಸುರಿದು ನೋಡಿ. ಬರಿಯ ನೀರಿಗೆ ದಾರಿ ಬಿಡುವ ವಸ್ತು ಕಾಗದಕ್ಕೆ ಬಿಡದಿರಬಹುದು.

ಆ ಮನೆಯಲ್ಲಿ ಪಂಜರ ಹೊರಬಂದ ಮೇಲೆ ಬಕೆಟ್ ನೀರು ಒಂದೇ ಗುಟುಕಿಗೆ ಹೋಯಿತು. ಆದರೂ ಗುಂಡಿ ಒತ್ತಿದರೆ ಹಳೆಯ ಸೋಮಾರಿ ಸುಳಿಯೇ. ಬೋಗುಣಿಯ ನೀರು ಏರುತ್ತಲೇ ಇರಲಿಲ್ಲ. ಎರಡನೆಯ ದೋಷ ಹೀಗೆ ಒಂಟಿಯಾಗಿ ಸಿಕ್ಕಿತು. ಗುರುತು ನೆನಪಿಟ್ಟುಕೊಳ್ಳಿ: ಟ್ರ್ಯಾಪ್ ಕಟ್ಟಿದ್ದರೆ ಫ್ಲಶ್ ಆಗುವಾಗ ನೀರು ಮೇಲೇರುತ್ತದೆ; ಅಂಚು ಕಟ್ಟಿದ್ದರೆ ನೀರು ಏರುವುದೇ ಇಲ್ಲ; ಎರಡೂ ಇದ್ದರೆ ನಡುವೆ ಎಲ್ಲೋ ನಿಂತು ನೋಡುವವರನ್ನು ಗೊಂದಲಕ್ಕೆ ಕೆಡವುತ್ತದೆ.

ಅಂಚಿಗೆ ಕೈ ಹಾಕುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಒಮ್ಮೆ ಫ್ಲಶ್ ಮಾಡಿ ನೋಡಿ. ಮುಚ್ಚಳವನ್ನು ಬಟ್ಟೆಯ ಮೇಲೆ ನೆಲದಲ್ಲಿ ಮಲಗಿಸಿಡಿ. ಒರಗಿಸಿಟ್ಟರೆ ಜಾರಿ ಒಡೆಯುತ್ತದೆ. ನಿಂತ ನೀರು ಒಳಗಿನ ಗುರುತಿನ ಗೆರೆಯ ಮಟ್ಟಕ್ಕೆ ಇರಬೇಕು. ಗೆರೆ ಇಲ್ಲದಿದ್ದರೆ, ಟ್ಯಾಂಕಿನೊಳಗೆ ಬಾಯಿ ತೆರೆದು ನೆಟ್ಟಗೆ ನಿಂತಿರುವ ಓವರ್‌ಫ್ಲೋ ಕೊಳವೆಯ ಬಾಯಿಗಿಂತ ಎರಡು ಮೂರು ಸೆಂಟಿಮೀಟರ್ ಕೆಳಗೆ. ಗುಂಡಿ ಒತ್ತಿದಾಗ ತಳದ ಮುಚ್ಚಳ ಪೂರ್ತಿ ಎದ್ದಿದ್ದೂ ನೀರು ಎಳೆದಾಡುತ್ತಾ ಇಳಿಯುತ್ತಿದ್ದರೆ, ಮುಂದಿನ ದಾರಿ ಕಟ್ಟಿದೆ. ಅಂಚು ಶುಚಿಯಾಗಿರುವ ಕಮೋಡಿನಲ್ಲಿ ಟ್ಯಾಂಕ್ ಸಾಮಾನ್ಯವಾಗಿ ಹತ್ತು ಸೆಕೆಂಡಿಗೂ ಮೊದಲೇ ಬರಿದಾಗುತ್ತದೆ. ಆ ಮನೆಯಲ್ಲಿ ಅದರ ದುಪ್ಪಟ್ಟು ಹೊತ್ತು ಹಿಡಿಯುತ್ತಿತ್ತು. ನೀರು ಅರ್ಧಕ್ಕೇ ನಿಂತುಹೋದರೆ ಮಾತ್ರ ಅದು ಟ್ಯಾಂಕಿನ ದೋಷ, ತಳದ ಮುಚ್ಚಳ ಬೇಗ ಕುಳಿತುಕೊಳ್ಳುತ್ತಿದೆ.

ಯಾವ ತೂತು ಕಟ್ಟಿದೆ ಎಂದು ಕಣ್ಣಿಗೆ ತೋರಿಸುವ ಒಂದು ಸುಲಭ ಉಪಾಯವಿದೆ. ಟಿಶ್ಯೂ ಕಾಗದದ ಚಿಕ್ಕ ಚಿಕ್ಕ ತುಂಡುಗಳನ್ನು ಒದ್ದೆ ಮಾಡಿ, ಅಂಚಿನ ಸ್ವಲ್ಪ ಕೆಳಗೆ, ಬೋಗುಣಿಯ ಒಳಗೋಡೆಯ ಸುತ್ತಲೂ ಅಂಟಿಸಿ ಫ್ಲಶ್ ಮಾಡಿ. ಕೊಚ್ಚಿಹೋಗದೆ ಉಳಿದ ತುಂಡುಗಳ ಮೇಲ್ಭಾಗದ ತೂತುಗಳೇ ಕಟ್ಟಿರುವಂಥವು. ಹಕ್ಕಳೆ ತೂತನ್ನು ಪೂರ್ತಿ ಮುಚ್ಚಬೇಕೆಂದೂ ಇಲ್ಲ. ಆರು ಮಿಲಿಮೀಟರಿನ ತೂತು ಮೂರು ಮಿಲಿಮೀಟರಿಗೆ ಕುಗ್ಗಿದರೆ ನೀರು ಹಾಯುವ ಜಾಗ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಕನ್ನಡಿಯಲ್ಲಿ ‘ತೂತು ಕಾಣುತ್ತಿದೆಯಲ್ಲ’ ಎಂದು ಬಿಟ್ಟುಬಿಡುವವರು ಮೋಸಹೋಗುವುದು ಇಲ್ಲಿ.

ಆ ಹಕ್ಕಳೆ ಗಡಸು ನೀರಿನ ಸುಣ್ಣ. ಆಮ್ಲಕ್ಕೆ ಅದು ನೊರೆಯೆದ್ದು ಕರಗುತ್ತದೆ. ಕಷ್ಟವಿರುವುದು ಆಮ್ಲವನ್ನು ಅಲ್ಲಿ ನಿಲ್ಲಿಸುವುದರಲ್ಲಿ. ಬೋಗುಣಿಗೆ ಎಷ್ಟು ಸುರಿದರೂ ಅದು ಕೆಳಗಿಳಿಯುತ್ತದೆ, ತೂತುಗಳಿಗೂ ಅಂಚಿನೊಳಗಿನ ಟೊಳ್ಳು ಕಾಲುವೆಗೂ ಮುಟ್ಟುವುದಿಲ್ಲ. ಹೆಚ್ಚಿನವರು ಆಸಿಡ್ ಹಾಕಿಯೂ ಪ್ರಯೋಜನವಾಗಲಿಲ್ಲ ಎನ್ನುವುದು ಇದೇ ಕಾರಣಕ್ಕೆ. ಹಾಗಾಗಿ ಮಲಗುವ ಮುನ್ನ ಹೀಗೆ ಮಾಡಿ. ಗೋಡೆಯ ಆಂಗಲ್ ಕಾಕ್ ಮುಚ್ಚಿ, ಫ್ಲಶ್ ಮಾಡಿ ಟ್ಯಾಂಕ್ ಬರಿದು ಮಾಡಿ. ಬೋಗುಣಿಯ ನೀರನ್ನು ಮಗ್ಗಿನಿಂದ, ಸ್ಪಂಜಿನಿಂದ ಎತ್ತಿಹಾಕಿ. ಅಂಚಿನ ಕೆಳಭಾಗವನ್ನು ಒಣ ಬಟ್ಟೆಯಿಂದ ಚೆನ್ನಾಗಿ ಒರೆಸಿ, ತೂತುಗಳ ಮೇಲೆ ನೀರು ತಡೆಯುವ ಅಗಲ ಟೇಪನ್ನು ಸುತ್ತಲೂ ಒತ್ತಿ ಅಂಟಿಸಿ. ಒಂದು ಲೀಟರ್ ಬೆಚ್ಚಗಿನ ನೀರಿಗೆ ನೂರು ಗ್ರಾಂ ಸಿಟ್ರಿಕ್ ಆಮ್ಲದ ಹರಳು ಹಾಕಿ ಕರಗಿಸಿ. ನೀರು ಕೈ ತಾಳುವಷ್ಟೇ ಬೆಚ್ಚಗಿರಲಿ. ಕುದಿನೀರು ಪಿಂಗಾಣಿಯನ್ನು ಬಿರುಕು ಬಿಡಿಸುತ್ತದೆ. ಸಿಟ್ರಿಕ್ ಆಮ್ಲ ಸಿಗದಿದ್ದರೆ ಬಿಳಿ ವಿನೆಗರ್ ಆದೀತು, ನಿಧಾನ ಅಷ್ಟೇ. ಈ ದ್ರಾವಣವನ್ನು ಆಲಿಕೆಯಿಟ್ಟು ಟ್ಯಾಂಕಿನ ಓವರ್‌ಫ್ಲೋ ಕೊಳವೆಯೊಳಗೆ ನಿಧಾನವಾಗಿ ಸುರಿಯಿರಿ. ಅಲ್ಲಿಂದ ಅದು ನೇರವಾಗಿ ಅಂಚಿನ ಕಾಲುವೆಗೆ ಇಳಿದು, ಟೇಪಿನ ತಡೆಯಲ್ಲಿ ನಿಲ್ಲುತ್ತದೆ. ಟ್ಯಾಂಕಿನೊಳಗೆ ಮಾತ್ರ ಸುರಿಯಬೇಡಿ. ಅಲ್ಲಿನ ರಬ್ಬರ್, ಲೋಹದ ಬೋಲ್ಟುಗಳು ಕೆಡುತ್ತವೆ. ಸ್ವಲ್ಪ ಸ್ವಲ್ಪ ಸೋರಿದರೆ ಚಿಂತೆಯಿಲ್ಲ. ಟ್ಯಾಂಕ್ ಗೋಡೆಯೊಳಗೆ ಅಡಗಿದ್ದು ಓವರ್‌ಫ್ಲೋ ಕೈಗೆ ಸಿಗದಿದ್ದರೆ, ಟಿಶ್ಯೂ ಕಾಗದವನ್ನು ಬತ್ತಿಯಂತೆ ಹೊಸೆದು, ಅದೇ ದ್ರಾವಣದಲ್ಲಿ ಅದ್ದಿ, ಅಂಚಿನ ಕೆಳಗೆ ತೂತುಗಳಿಗೆ ಒತ್ತಿ ತುರುಕಿ. ಕಾಲುವೆಯ ಒಳಕ್ಕೆ ಅದು ಅಷ್ಟಾಗಿ ಹೋಗುವುದಿಲ್ಲ, ಆದರೂ ತೂತುಗಳ ಬಾಯಿ ಬಿಡಿಸುತ್ತದೆ.

ಅದೇ ರಾತ್ರಿ ಇನ್ನೊಂದು ಲೀಟರಿನಷ್ಟನ್ನು ಬರಿದು ಮಾಡಿದ ಬೋಗುಣಿಗೂ ಸುರಿದಿಡಿ. ಕೆಲವು ಕಮೋಡುಗಳಲ್ಲಿ ಬೋಗುಣಿಯ ತಳದಲ್ಲಿ, ಟ್ರ್ಯಾಪಿನ ಬಾಯಿಗೆ ಎದುರಾಗಿ, ಹೆಬ್ಬೆರಳು ಗಾತ್ರದ ಒಂದು ರಂಧ್ರವಿರುತ್ತದೆ. ಫ್ಲಶ್‌ನ ನೀರಿನ ದೊಡ್ಡ ಪಾಲು ಅದರಿಂದ ನೇರವಾಗಿ ಟ್ರ್ಯಾಪಿಗೆ ನುಗ್ಗಿ ಸೈಫನ್ ಹಚ್ಚುತ್ತದೆ. ನಿಮ್ಮದರಲ್ಲಿ ಅದಿದ್ದರೆ, ಅಂಚಿನ ಎಲ್ಲ ತೂತುಗಳಿಗಿಂತ ಅದೊಂದರ ಶುಚಿಯೇ ಹೆಚ್ಚಿನದು. ನೀರಿನಡಿಯಲ್ಲಿ ಮುಳುಗಿರುವುದರಿಂದ ಯಾರೂ ಅದನ್ನು ನೋಡುವುದಿಲ್ಲ. ಟ್ರ್ಯಾಪಿನ ಗೋಡೆಯ ಮೂತ್ರದ ಹಕ್ಕಳೆಗೂ ಈ ನೆನೆಸುವಿಕೆ ಒಳ್ಳೆಯದು.

ಬೆಳಿಗ್ಗೆ ಟೇಪ್ ಕಿತ್ತಾಗ ಕಂದು ನೀರು, ಮೆತ್ತಗಾದ ಸುಣ್ಣದ ಚೂರುಗಳು ಸುರಿಯುತ್ತವೆ. ತೂತಿನೊಳಗೆ ಉಳಿದದ್ದನ್ನು ಪ್ಲಾಸ್ಟಿಕ್ ಹೊದಿಕೆಯ ವಿದ್ಯುತ್ ತಂತಿಯ ತುಂಡಿನಿಂದ, ತೂತಿನ ಓರೆಗೆ ತಕ್ಕಂತೆ ಬಾಗಿಸಿ, ತಿರುಗಿಸಿ ಬಿಡಿಸಿ. ಬರಿಯ ಉಕ್ಕಿನ ಮೊನೆ ಬೇಡ, ಡ್ರಿಲ್ ಅಂತೂ ಬೇಡವೇ ಬೇಡ. ಒಮ್ಮೆ ಹೊಳಪು ಹೋದ ಜಾಗಕ್ಕೆ ಸುಣ್ಣ ಇನ್ನೂ ಬೇಗ ಹತ್ತುತ್ತದೆ. ಆಮೇಲೆ ಕಾಕ್ ತೆರೆದು ಮೂರು ನಾಲ್ಕು ಸಲ ಫ್ಲಶ್ ಮಾಡಿ ಟಿಶ್ಯೂ ತುಂಡುಗಳ ಪರೀಕ್ಷೆ ಮಾಡಿ. ದಪ್ಪ ಹಕ್ಕಳೆ ಒಂದೇ ರಾತ್ರಿಗೆ ಹೋಗುವುದು ಅಪರೂಪ, ಇನ್ನೊಂದು ರಾತ್ರಿ ಮತ್ತೆ ಮಾಡಬೇಕಾಗುತ್ತದೆ. ಆ ಮನೆಯಲ್ಲಿಯೂ ಎಡಗಡೆಯ ಹಿಂದಿನ ತೂತುಗಳು ಎರಡನೆಯ ನೆನೆಸುವಿಕೆಗೇ ಬಾಯಿ ಬಿಟ್ಟದ್ದು. ಆಗ ಟ್ಯಾಂಕ್ ಬರಿದಾಗುವ ಹೊತ್ತು ಅರ್ಧಕ್ಕಿಳಿಯಿತು, ಸುಳಿ ಬಿರುಸಾಯಿತು, ‘ಗುಳಕ್’ ಎಂಬ ಸದ್ದು ಮರಳಿ ಬಂತು.

ನೀವು ಕೇಳಿದ ಆಸಿಡ್ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ. ಬಚ್ಚಲು ತೊಳೆಯಲು ಮಾರುವ ಹೈಡ್ರೋಕ್ಲೋರಿಕ್ ಆಮ್ಲ ಸುಣ್ಣವನ್ನು ಬೇಗ ಕರಗಿಸುವುದು ನಿಜ. ಆದರೆ ಅದರ ಹಬೆ ಉಸಿರನ್ನು ಕಟ್ಟಿಸುತ್ತದೆ, ಹತ್ತಿರದ ನಲ್ಲಿ, ಸ್ಟೀಲ್ ಸಾಮಾನುಗಳನ್ನು ಹಾಳು ಮಾಡುತ್ತದೆ. ಅಂಚಿನ ಕೆಳಗೆ ಮುಖ ತಂದು ಮಾಡುವ ಈ ಕೆಲಸಕ್ಕೆ ಅದು ತಕ್ಕದ್ದಲ್ಲ. ಇನ್ನು ಯಾವ ಆಮ್ಲವನ್ನೇ ಆಗಲಿ, ವಿನೆಗರನ್ನು ಕೂಡ, ಬ್ಲೀಚಿನೊಡನೆ ಸೇರಿಸಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೆ ಅಪಾಯ. ತೂತುಗಳಲ್ಲಿ ಸುಣ್ಣದ ಜೊತೆ ಕಪ್ಪು ಲೋಳೆಯೂ ಇದ್ದು ಬ್ಲೀಚ್ ಬೇಕೆನಿಸಿದರೆ, ಆಮ್ಲದ ಕೆಲಸ ಮುಗಿಸಿ, ಹಲವು ಸಲ ಫ್ಲಶ್ ಮಾಡಿ, ಬೇರೊಂದು ದಿನ ಹಾಕಿ. ಟ್ಯಾಂಕಿನಲ್ಲಿ ಬಣ್ಣದ ನೀರು ಬಿಡುವ ಬಿಲ್ಲೆ ಇದ್ದರೆ ಅದನ್ನು ಮೊದಲೇ ತೆಗೆದು, ಟ್ಯಾಂಕನ್ನು ಒಂದೆರಡು ಸಲ ಬರಿದು ಮಾಡಿಕೊಳ್ಳಿ. ಅವುಗಳಲ್ಲಿ ಕೆಲವಕ್ಕೆ ಬ್ಲೀಚ್ ಸೇರಿಸಿರುತ್ತಾರೆ.

ಇಷ್ಟಾದ ಮೇಲೂ ಸುಳಿ ಮಂದವಾಗಿಯೇ ಇದ್ದರೆ, ನೋಡಬೇಕಾದ ಒಂದು ಸಣ್ಣ ಸಂಗತಿ ಉಳಿದಿದೆ. ಟ್ಯಾಂಕ್ ತುಂಬುವಾಗ ಒಂದು ಸಪೂರ ಕೊಳವೆ ಓವರ್‌ಫ್ಲೋದೊಳಗೆ ನೀರು ಬಿಟ್ಟು ಬೋಗುಣಿಯನ್ನು ಮತ್ತೆ ತುಂಬಿಸುತ್ತದೆ. ಟ್ಯಾಂಕಿನ ಭಾಗ ಬದಲಿಸುವಾಗ ಅದನ್ನು ಸಿಕ್ಕಿಸಲು ಮರೆತುಬಿಡುವುದುಂಟು. ನೀವೂ ಈಚೆಗೆ ಬದಲಿಸಿರುವುದರಿಂದ ಖಂಡಿತ ನೋಡಿ. ಅದು ಟ್ಯಾಂಕಿನೊಳಗೇ ನೀರು ಬಿಡುತ್ತಿದ್ದರೆ ಬೋಗುಣಿಯ ಮಟ್ಟ ದಿಬ್ಬಕ್ಕಿಂತ ಕೆಳಗೇ ನಿಲ್ಲುತ್ತದೆ. ಮುಂದಿನ ಫ್ಲಶ್‌ನ ನೀರು ಆ ಕೊರತೆ ತುಂಬುವುದರಲ್ಲೇ ಅರ್ಧ ಖರ್ಚಾಗುತ್ತದೆ. ಫ್ಲಶ್ ಆಗಿ ಎಲ್ಲ ನಿಂತ ಮೇಲೆ ಬೋಗುಣಿಗೆ ಒಂದು ಮಗ್ ನೀರು ಮೆಲ್ಲಗೆ ಸುರಿಯಿರಿ. ಮಟ್ಟ ಏರಿ ಅಲ್ಲೇ ನಿಂತರೆ ಈ ಕೊಳವೆಯೇ ಕಾರಣ. ಸುರಿದಷ್ಟೂ ದಿಬ್ಬ ದಾಟಿ ಹೋಗಿ ಮಟ್ಟ ಮೊದಲಿನಂತೆಯೇ ಉಳಿದರೆ ಅದು ಸರಿಯಿದೆ.

ಆಗರ್ ಹಾಕಿದಾಗ ಟಕ್ ಟಕ್ ಎಂದದ್ದು ಪ್ರತಿ ಸಲವೂ ಜಾರಿಹೋಗಿ ಕೈಗೆ ಸಿಗದಿದ್ದರೆ, ಬಕೆಟ್ ಪರೀಕ್ಷೆಯೂ ಸುಧಾರಿಸದಿದ್ದರೆ, ಬಲವಂತ ಮಾಡಬೇಡಿ. ವಸ್ತು ದಿಬ್ಬದ ನೆತ್ತಿಯಲ್ಲಿ ಅಡ್ಡ ಕುಳಿತಿದೆ. ಅದನ್ನು ತೆಗೆಯಲು ಕಮೋಡನ್ನು ನೆಲದಿಂದ ಎಬ್ಬಿಸಿ, ಮಗುಚಿ, ಹೊರಹೋಗುವ ಬಾಯಿಯಿಂದ ಕೈ ಹಾಕಬೇಕು. ಬೋಲ್ಟಿನ ಮೇಲೆ ಕೂರಿಸಿದ ಕಮೋಡಾದರೆ ಅನುಭವಿ ಪ್ಲಂಬರಿಗೆ ಇದು ದೊಡ್ಡ ಕೆಲಸವಲ್ಲ; ಮರಳಿ ಕೂರಿಸುವಾಗ ತಳದ ಮೇಣದ ಅಥವಾ ರಬ್ಬರಿನ ಸೀಲನ್ನು ಹೊಸದಾಗಿಯೇ ಹಾಕಬೇಕೆಂದು ಹೇಳಿ. ಹಳೆಯದು ಒಮ್ಮೆ ಒತ್ತಿ ಕೂತ ಮೇಲೆ ಮತ್ತೆ ಬಿಗಿಯಾಗುವುದಿಲ್ಲ, ವಾಸನೆಯೂ ಸೋರಿಕೆಯೂ ಅಲ್ಲಿಂದ ಶುರುವಾಗುತ್ತವೆ. ಸಿಮೆಂಟಿನಲ್ಲಿ ಕೂರಿಸಿದ ಕಮೋಡಾದರೆ ಎಬ್ಬಿಸುವಾಗ ಪಿಂಗಾಣಿ ಒಡೆಯುವ ಸಂಭವ ಹೆಚ್ಚು. ಅದನ್ನು ಎಬ್ಬಿಸಲು ಒಪ್ಪುವ ಮೊದಲು, ಒಡೆದರೆ ಅದೇ ಅಳತೆಯ ಇನ್ನೊಂದು ಕಮೋಡ್ ಆ ಜಾಗಕ್ಕೆ ಕೂರುತ್ತದೆಯೇ ಎಂದು ನೋಡಲು ಗೋಡೆಯಿಂದ ಹೊರಕೊಳವೆಯ ನಡುವಿನವರೆಗಿನ ದೂರವನ್ನು ಅಳೆದು ಬರೆದಿಟ್ಟುಕೊಳ್ಳಿ.